ಜರ್ಮನಿಯೊಳಗ ತಮ್ಮಂಗ ಅರ್ಧಾ ಕೆಲಸ ಮಾಡ್ಯಾರ, ಪಗಾರ ಎಷ್ಟ ಬರ್ತೈತಿ? ತಿಳದವ್ರು ಹೇಳ್ರಿ

ನವನಗರ ಮಹಾಂತೇಶ
ನಮಸ್ಕಾರ್ರೀ ಎಲ್ಲಾರಿಗೂ. ನಮ್ಮ ತಮ್ಮ ಜರ್ಮನಿಯೊಳಗ ಸ್ಟುಟ್‌ಗಾರ್ಟ್ ಹತ್ರ ಗಾಡಿ ಪಾರ್ಟ್ ಮಾಡೋ ಕಂಪನಿಯಾಗ ಇಂಜಿನಿಯರ್ ಅದಾನ. ಮೊನ್ನೆ ಫೋನ್ ಮಾಡಿ ಆರ್ಡರ್ ಕಡಿಮಿ ಆಗ್ಯಾವ, ಮುಂದಿನ ತಿಂಗಳಿಂದ ಕುರ್ಟ್ಸ್‌ಆರ್ಬೈಟ್ ಅಂತ ಮಾಡ್ತಾರ, ಕೆಲಸ ಅರ್ಧಾ ಪಗಾರಾನೂ ಅರ್ಧಾ, ಆದ್ರ ಸರ್ಕಾರದಿಂದ ಸ್ವಲ್ಪ ತುಂಬಿ ಕೊಡ್ತಾರ ಅಂದ. ಎಷ್ಟು ತುಂಬ್ತಾರ ಅಂದ್ರ 60 ಪರ್ಸೆಂಟ್ ಅಂತಾನ, 60 ಯಾತರದ್ದು ಅಂದ್ರ ಅವಂಗೂ ಪಕ್ಕಾ ಗೊತ್ತಿಲ್ಲ. ಅವನ ಪಗಾರ ತಿಂಗಳಿಗೆ 4,000 ಯೂರೋ, ಕಟ್ ಆಗೋಕಿಂತ ಮೊದ್ಲಿನ ಲೆಕ್ಕ. ಮದುವಿ ಆಗಿಲ್ಲ.

ನಾ ಯಾಕ ಕೇಳಾಕತ್ತೀನಿ ಅಂದ್ರ ಇಲ್ಲಿ ಹುಬ್ಬಳ್ಳಿಯೊಳಗ ಮನಿ ಸಾಲದ ಕಂತು ಅರ್ಧಾ ಅವನ ಕಡಿಂದ ಬರ್ತೈತಿ, ಉಳದದ್ದು ನಾ ತುಂಬ್ತೀನಿ. ಈಗ ಅವನ ಕೈಗೆ ಎಷ್ಟ ಬರ್ತೈತಿ ಅಂತ ಗೊತ್ತಾದ್ರ ಬ್ಯಾಂಕಿಗೆ ಹೋಗಿ ಮಾತಾಡಬೇಕೋ ಬ್ಯಾಡೋ ಅಂತ ಠರಾಯಿಸಬಹುದು. ಅವ್ವ ಬ್ಯಾರೆ ಅವನ ನೌಕರಿ ಹೋತು ಅಂತ ತಿಳ್ಕೊಂಡು ಊಟ ಬಿಟ್ಟು ಕುಂತಾಳ. ಯಾರರ ಅಲ್ಲಿ ಇದ್ದವ್ರು ಇದ್ರ ಸ್ವಲ್ಪ ಬಿಡಿಸಿ ಹೇಳ್ರೀ.

ಕಿರಣ್ ಕೇಶ್ವಾಪುರ
ಸರಳ ಐತಿ ಅಣ್ಣಾರ. 60 ಪರ್ಸೆಂಟ್ ಪಗಾರ ಬರ್ತೈತಿ. 4,000ಕ್ಕ 2,400. ನನ್ನ ದೋಸ್ತ್ 2020ರೊಳಗ ಅಲ್ಲೇ ಇದ್ದ, ಕೊರೊನಾ ಟೈಮಿನ್ಯಾಗ ಅವಂಗೂ ಹಿಂಗ ಆಗಿತ್ತು, ಮನಿಯೊಳಗ ಕುಂತು 60 ತೊಗೊಂಡ. 40 ಪರ್ಸೆಂಟ್ ಹೋತು ಅಂತ ತಿಳ್ಕೊಂಡು ಪ್ಲಾನ್ ಮಾಡ್ರಿ.

ರೇಣುಕಾ ಮ
ನನ್ನ ತಂಗೀನೂ ಅಲ್ಲೇ ಇದ್ದಾಳ, ಕೂಸು ಆದ ಮ್ಯಾಲೆ ವಾರಕ್ಕ 20 ತಾಸು ಮಾಡ್ತಾಳ, ಅಕಿಗೆ ಯಾರೂ ಏನೂ ತುಂಬಿ ಕೊಡಂಗಿಲ್ಲ, ಅರ್ಧಾ ಕೆಲಸಕ್ಕ ಅರ್ಧಾ ಪಗಾರ ಅಷ್ಟ. ನಿಮ್ಮ ತಮ್ಮಗ ಯಾರೋ ತಪ್ಪು ಹೇಳಿರಬೇಕು ನೋಡ್ರಿ.

ಗದಗಿನ ಶ್ರೀದೇವಿ
ಮಹಾಂತೇಶಣ್ಣಾ, ನಾನು ಗದಗದಾಕಿ, ಈಗ ಜರ್ಮನಿಯೊಳಗ ಒಂದು ಕಂಪನಿಯ ಪಗಾರ ವಿಭಾಗದಾಗ ಕೆಲಸ ಮಾಡ್ತೀನಿ, ದಿನಾ ಇದ ಲೆಕ್ಕದಾಗ ಇರ್ತೀನಿ. ಮೊದ್ಲ ಅವ್ವಾರಿಗೆ ಹೇಳ್ರಿ, ನೌಕರಿ ಹೋಗಿಲ್ಲ. ನೌಕರಿ ಹೋಗಬಾರದು ಅಂತನ ಈ ಪದ್ಧತಿ ಮಾಡ್ಯಾರ. ಆರ್ಡರ್ ಕಡಿಮಿ ಆದಾಗ ಮಂದೀನ ತೆಗೆಯೋ ಬದ್ಲಿ ಎಲ್ಲಾರ ತಾಸು ಕಡಿಮಿ ಮಾಡೋದು, ಹೋದ ತಾಸಿನ ಪಗಾರದಾಗ ಒಂದು ಪಾಲು ಸರ್ಕಾರಿ ಉದ್ಯೋಗ ಕಚೇರಿ ಕೊಡೋದು.

ರೇಣುಕಾ ಅಕ್ಕಾ, ನಿಮ್ಮ ತಂಗಿ ತಾವಾಗೇ ಬೇಕಂತ ತಾಸು ಕಡಿಮಿ ಮಾಡ್ಕೊಂಡಾರ, ಅದು ಪಾರ್ಟ್ ಟೈಮ್, ಅದಕ್ಕ ಈ ರೊಕ್ಕ ಇಲ್ಲ. ಇದು ಕಂಪನಿಗೆ ಕೆಲಸ ಇಲ್ದಾಗ ಕಂಪನಿ ಮಾಡೋದು. ಎರಡೂ ಬ್ಯಾರೆ.

ಕಿರಣ ಹೇಳಿದ್ದು ಅರ್ಧಾ ಖರೇ ಅದ. 60 ಅನ್ನೋದು ಖರೇ, ಆದ್ರ ಪಗಾರದ 60 ಅಲ್ಲ, ಕಳಕೊಂಡ ಪಗಾರದ 60, ಅದೂ ಕೈಗೆ ಬರೋ ಪಗಾರದ ಲೆಕ್ಕದಾಗ. ಅವರ ದೋಸ್ತ ಪೂರ್ತಿ ಮನಿಯೊಳಗ ಕುಂತಿದ್ರು, ಅಂದ್ರ ಪೂರ್ತಿ ಪಗಾರ ಕಳಕೊಂಡಿದ್ರು, ಹಂಗಾಗಿ ಅವರಿಗೆ ಎರಡೂ ಒಂದ ಕಂಡದ್ದು. ನಿಮ್ಮ ತಮ್ಮ ಅರ್ಧಾ ಕೆಲಸ ಮಾಡ್ತಾರ, ಆ ಅರ್ಧಾ ಪಗಾರ ಕಂಪನಿನ ಪೂರ್ತಿ ಕೊಡ್ತದ, ಉಳದ ಅರ್ಧಾಕ್ಕ ಮಾತ್ರ ಈ 60.

ಲೆಕ್ಕ ಹಿಂಗ ನೋಡ್ರಿ, ತಿಳೀಲಿ ಅಂತ ರೌಂಡ್ ಮಾಡೀನಿ. 4,000ಕ್ಕ ಟ್ಯಾಕ್ಸು, ವಿಮಾ ಎಲ್ಲಾ ಹೋಗಿ ಒಂಟಿ ಮನುಷ್ಯಾಗ ಸುಮಾರು 2,600 ಕೈಗೆ ಬರ್ತದ. ಅರ್ಧಾ ಪಗಾರ 2,000 ಆದ್ರ ಕೈಗೆ ಸುಮಾರು 1,500. ಇಲ್ಲೇ ಒಂದು ಲಾಭ ಅದ, ಪಗಾರ ಕಡಿಮಿ ಆದಾಗ ಟ್ಯಾಕ್ಸ್ ಬಹಳ ಕಡಿಮಿ ಬೀಳ್ತದ, ಅದಕ್ಕ ಪಗಾರ ಅರ್ಧಾ ಆದ್ರೂ ಕೈಗೆ ಬರೋದು ಅರ್ಧಾಕ್ಕಿಂತ ಜಾಸ್ತಿ. ಈ ಎರಡರ ಫರಕು 1,100. ಅದರ 60 ಪರ್ಸೆಂಟ್ 660. ಅಂದ್ರ 1,500 ಮತ್ತ 660 ಕೂಡಿ 2,160. ಮೊದ್ಲ 2,600 ಬರ್ತಿತ್ತು, ಈಗ 2,160. ತಿಂಗಳಿಗೆ 440 ಯೂರೋ ಖೋತಾ. ಮಕ್ಕಳಿದ್ದವರಿಗೆ 60 ಬದ್ಲಿ 67 ಪರ್ಸೆಂಟ್ ಅದ.

ನವನಗರ ಮಹಾಂತೇಶ
ಅಕ್ಕಾರ ಭಾಳ ಉಪಕಾರ ಆತ್ರಿ. ಈಗ ಅವ್ವಗ ಓದಿ ಹೇಳೀನಿ, ಚಾ ಕುಡದಾಳ. 440 ಅಂದ್ರ ತಡಕೋಬಹುದು, ನಾನು 1,000 ಮ್ಯಾಲೆ ಹೋಗ್ತೈತಿ ಅಂತ ಅಂಜಿದ್ದೆ. ಇದಕ್ಕ ಅವಾ ಎಲ್ಲಿ ಅರ್ಜಿ ಕೊಡಬೇಕ್ರಿ? ಅವಂಗ ಭಾಷಾ ಅಷ್ಟಕ್ಕಷ್ಟ.

ಗದಗಿನ ಶ್ರೀದೇವಿ
ಅವರು ಎಲ್ಲೂ ಹೋಗೋದು ಬ್ಯಾಡ. ಕಂಪನಿನ ಉದ್ಯೋಗ ಕಚೇರಿಗೆ ತಿಳಸ್ತದ, ಕಂಪನಿನ ಪಗಾರದ ಜೋಡಿ ಈ ರೊಕ್ಕಾನೂ ಹಾಕ್ತದ, ಆಮ್ಯಾಲೆ ಕಚೇರಿಯಿಂದ ವಾಪಸ್ ತೊಗೋತದ. ಯಾವ ತಿಂಗಳ ಶುರು ಮಾಡ್ತಾರೋ ಅದ ತಿಂಗಳ ಒಳಗ ಕಂಪನಿ ತಿಳಸಬೇಕು, ತಡಾ ಮಾಡಿದ್ರ ಹೋದ ತಿಂಗಳಿಂದು ಸಿಗಂಗಿಲ್ಲ. ಮತ್ತ ಸುಮ್ಮ ಒಬ್ಬಿಬ್ಬರದು ತಾಸು ಕಡಿಮಿ ಮಾಡಿ ಕೊಡ್ರಿ ಅಂದ್ರ ಕೊಡಂಗಿಲ್ಲ, ಕಂಪನಿಯ ಅಥವಾ ಆ ವಿಭಾಗದ ಮೂರರಾಗ ಒಂದು ಪಾಲು ಮಂದಿಗರ ಪಗಾರ 10 ಪರ್ಸೆಂಟಿಗಿಂತ ಜಾಸ್ತಿ ಕಡಿಮಿ ಆಗಿರಬೇಕು.

ಮೊದ್ಲ ಹೆಚ್ಚಿಗಿ ಮಾಡಿದ ತಾಸು ಜಮಾ ಇದ್ರ ಅದನ್ನ ಖರ್ಚು ಮಾಡಸ್ತಾರ, ಹೋದ ವರ್ಷದ ಸೂಟಿ ಉಳದಿದ್ರ ಅದನ್ನೂ ತೊಗೋರಿ ಅಂತಾರ. ಅದಕ್ಕ ತಮ್ಮಗ ಸಿಟ್ಟು ಬರಬಾರದು, ಅದು ನಿಯಮದಾಗ ಅದ.

ತಾರಿಹಾಳ ಬಸು
ಓದಿ ಹೊಟ್ಟಿ ಉರೀತು ನೋಡ್ರಿ, ನಮಗ ಇಲ್ಲಿ ಏನೈತಿ? ನಾ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಾಗ ಫಿಟ್ಟರ್. ಆರ್ಡರ್ ಇಲ್ಲ ಅಂದ್ರ ಮುಂಜಾನೆ 8ಕ್ಕ ಹೋದಾವ್ರನ್ನ ಗೇಟಿನ್ಯಾಗ ನಿಂದ್ರಸ್ತಾರ, 10ರ ತನಕ ನಿಂತು ಇವತ್ತು ಲೋಡ್ ಇಲ್ಲ ನಾಳೆ ಬಾ ಅಂತಾರ. ಆ ದಿನದ ಪಗಾರ ಇಲ್ಲ. ಕೆಲವು ದಿನ ಮಧ್ಯಾಹ್ನದ ಮ್ಯಾಲೆ ಬಾ ಅಂತಾರ, ಅರ್ಧಾ ಹಾಜರಿ ಹಾಕ್ತಾರ. ತುಂಬಿ ಕೊಡೋದು ಅಂದ್ರ ಏನು ಅಂತಾನ ನಾವು ಕೇಳಿಲ್ಲ. ನಮಗ ಯಾಕ ಅಂಥಾ ಕಾನೂನು ಮಾಡಂಗಿಲ್ಲ?

ಹಾವೇರಿ ಕಾಕಾ
ಬಸು, ಕಾನೂನು ಇಲ್ಲ ಅಂತ ಅನಬ್ಯಾಡ ತಮ್ಮಾ, ಕಾನೂನು ಐತಿ, 1953ರಿಂದ ಐತಿ. ನಾನು ಯೂನಿಯನ್ ಕೆಲಸದಾಗ ಕೂದಲಾ ಬೆಳ್ಳಗ ಮಾಡ್ಕೊಂಡಾವ, ನನ್ನ ಮಾತು ಸ್ವಲ್ಪ ಕೇಳು. ನೀ ಹೇಳಿದ್ದಕ್ಕ ಲೇ-ಆಫ್ ಅಂತಾರ. ಕಚ್ಚಾ ಮಾಲಿಲ್ಲ, ಕರೆಂಟಿಲ್ಲ, ಮಷೀನು ಕೆಟ್ಟೈತಿ, ಮಾಲು ಮಾರಾಟ ಆಗದ ಬಿದ್ದೈತಿ, ಇಂಥಾ ಕಾರಣಕ್ಕ ಮಾಲಕ ಕೆಲಸ ಕೊಡಾಕ ಆಗ್ಲಿಲ್ಲ ಅಂದ್ರ, ಆ ದಿನಕ್ಕ ಬೇಸಿಕ್ ಮತ್ತ ಡಿಎ ಕೂಡಿದ್ದರ ಅರ್ಧಾ ಕೊಡಬೇಕು. ಕೈಗಾರಿಕಾ ವಿವಾದ ಕಾಯ್ದೆಯ 25-ಸಿ ಕಲಮು. ಈಗ 2025ರ ನವೆಂಬರ್ 21ರಿಂದ ಹೊಸಾ ಲೇಬರ್ ಕೋಡ್ ಜಾರಿ ಆಗ್ಯಾವ, ಅದರಾಗೂ ಅರ್ಧಾದ್ದು ಅರ್ಧಾನ ಉಳದೈತಿ.

ನೀ ಗೇಟಿನ್ಯಾಗ ನಿಂತ ಎರಡು ತಾಸಿನ ಮಾತು ಹೇಳಿದಿ ನೋಡು, ಅದು ಕಾಯ್ದೆಯೊಳಗನ ಐತಿ. ಹೊತ್ತಿಗೆ ಸರಿಯಾಗಿ ಹಾಜರ್ ಆಗಿ ಎರಡು ತಾಸಿನ ಒಳಗ ಕೆಲಸ ಕೊಡ್ಲಿಲ್ಲ ಅಂದ್ರ ಆ ದಿನ ಲೇ-ಆಫ್. ಎರಡನೇ ಅರ್ಧಾ ಪಾಳಿಗೆ ಬಾ ಅಂತ ಕರದು ಕೆಲಸ ಕೊಟ್ರ ಅರ್ಧಾ ದಿನ ಲೇ-ಆಫ್, ಅಂದ್ರ ದುಡದ ಅರ್ಧಾಕ್ಕ ಪೂರ್ತಿ ಪಗಾರ, ಕಳಕೊಂಡ ಅರ್ಧಾ ದಿನಕ್ಕ ಅರ್ಧಾ ಪರಿಹಾರ. ಜರ್ಮನಿಯವ್ರು ಮಾಡೋದೂ ಇದ ಲೆಕ್ಕ ಅಲ್ಲೇನು?

ತಾರಿಹಾಳ ಬಸು
ಕಾಕಾ, ಹಂಗಿದ್ರ ನಮಗ ಒಂದು ದಿನಾನೂ ಯಾಕ ಕೊಟ್ಟಿಲ್ಲ?

ಹಾವೇರಿ ಕಾಕಾ
ನಿಮ್ಮಲ್ಲಿ ಎಷ್ಟ ಮಂದಿ? ನಿಂದು ಎಷ್ಟ ವರ್ಷ ಆತು? ಮಸ್ಟರ್ ರೋಲಿನ್ಯಾಗ ಹೆಸರು ಐತೋ ಇಲ್ಲೋ?

ತಾರಿಹಾಳ ಬಸು
ಕಂಪನಿ ಹೆಸರಿಲೆ ಮೂವತ್ತ ಮೂವತ್ತೈದು ಮಂದಿ. ಕಾಂಟ್ರಾಕ್ಟರ್ ಕಡಿಂದ ಬಂದಾವ್ರು ಅಷ್ಟ ಮಂದಿ ಇದ್ದಾರ. ನಂದು ಐದನೇ ವರ್ಷ, ಪಿಎಫ್ ಕಟ್ ಆಗ್ತೈತಿ, ಇಎಸ್ಐ ಕಾರ್ಡೂ ಐತಿ.

ಹಾವೇರಿ ಕಾಕಾ
ಇಲ್ಲೇ ಗಂಟು ನೋಡು. ಈ ಪರಿಹಾರ 50 ಮಂದಿ ಮತ್ತ ಅದಕ್ಕಿಂತ ಜಾಸ್ತಿ ಇದ್ದ ಕಾರ್ಖಾನೆಗೆ ಮಾತ್ರ. ಒಂದು ವರ್ಷದ ಸತತ ಸೇವಾ ಆಗಿರಬೇಕು, ಅಂದ್ರ 240 ದಿನ, ಅದು ನಿಂದು ಆಗೈತಿ. ಬದಲಿ ಕಾರ್ಮಿಕರಿಗೆ, ದಿನಗೂಲಿ ಕ್ಯಾಶುಯಲ್ ಮಂದಿಗೆ ಇಲ್ಲ. ನಿಮ್ಮ ಮಾಲಕ ನಂದು 35 ಮಂದಿ ಕಂಪನಿ ಅಂತ ಹೇಳ್ತಾನ. ನಾ ಅನ್ನೋದು ಕಾಂಟ್ರಾಕ್ಟಿನವರೂ ಅದ ಮಷೀನಿನ ಮ್ಯಾಲೆ ಅದ ಪಾಳಿಯೊಳಗ ದುಡೀತಿದ್ರ ಅವರನ್ನೂ ಹಿಡೀಬೇಕು, ಆವಾಗ 50 ದಾಟ್ತೈತಿ.

ಧಾರವಾಡ ಅಡ್ವೊಕೇಟ್
ಕಾಕಾರ, ಅಷ್ಟು ಸಲೀಸಾಗಿ ಹೇಳಬ್ಯಾಡ್ರಿ. ಕಾಂಟ್ರಾಕ್ಟ್ ಮಂದೀದು ಮಾಲಕ ಯಾರು ಅನ್ನೋದ ಮೊದಲ ಜಗಳ ಆಗ್ತದ. ಕಾಂಟ್ರಾಕ್ಟರ್ ಲೈಸೆನ್ಸ್ ಇದ್ದು ಬ್ಯಾರೆ ಮಸ್ಟರ್ ಇಟ್ಟಿದ್ರ ಕಂಪನಿಯವ್ರು ಅವರು ನಮ್ಮವರಲ್ಲ ಅಂತ ಕೂಡ್ತಾರ, ಅದನ್ನ ಮುರಿಯಾಕ ಸಾಕ್ಷಿ ಬೇಕು, ಸೂಚನಾ ಕೊಡಾವ್ರು ಯಾರು, ಸೂಟಿ ಮಂಜೂರ್ ಮಾಡಾವ್ರು ಯಾರು, ಇದೆಲ್ಲಾ. ಬಸು ಇವತ್ತ ಹೋಗಿ ಕೇಳಿದ್ರ ನಾಳೆ ಸಿಗೋ ಮಾತಲ್ಲ ಇದು.

ಹಾವೇರಿ ಕಾಕಾ
ವಕೀಲ್ರ, ನಾಳೆ ಸಿಗ್ತೈತಿ ಅಂತ ನಾನೂ ಅಂದಿಲ್ಲ. ಕೇಳದ ಇದ್ರ ಯಾವತ್ತೂ ಸಿಗಂಗಿಲ್ಲ ಅಂತೀನಿ. ಬಸು, ಲೋಡ್ ಇಲ್ಲದ ದಿನಾ ಹಾಜರಿ ಹಾಕಸದ ಮನಿಗೆ ಬರಬ್ಯಾಡ. ದಿನಕ್ಕೊಮ್ಮೆ ಹೇಳಿದ ಹೊತ್ತಿಗೆ ಹೋಗಿ ಹಾಜರ್ ಆಗಲಿಲ್ಲ ಅಂದ್ರ ಪರಿಹಾರದ ಹಕ್ಕು ಹೋಗ್ತೈತಿ, ಅದು ಕಾಯ್ದೆಯೊಳಗ ಬರದೈತಿ. ಮಸ್ಟರಿನ್ಯಾಗ ಏನು ಬರೀತಾರ ನೋಡು, ಲೇ-ಆಫ್ ಅಂತ ಬರದಾರೋ ಗೈರು ಅಂತ ಬರದಾರೋ. ನಾ ನೋಡಿದ ಕಡೆ ಎಲ್ಲಾ ಗೈರು ಅಂತ ಬರೀತಾರ, ಗೈರು ಅಂದ್ರ ನೀನ ಬಂದಿಲ್ಲ ಅಂತ ಅರ್ಥ, ಆಮ್ಯಾಲೆ ಯಾವ ಕೋರ್ಟಿಗೆ ಹೋಗ್ತಿ?

ಕಿರಣ್ ಕೇಶ್ವಾಪುರ
ಇಎಸ್ಐ ಇದ್ರ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನಾ ಐತಲ್ರಿ, ಪಗಾರದ 50 ಪರ್ಸೆಂಟ್ 90 ದಿನಾ ಕೊಡ್ತಾರ. ಬಸು ಅದಕ್ಕ ಅರ್ಜಿ ಹಾಕಬಹುದು.

ಧಾರವಾಡ ಅಡ್ವೊಕೇಟ್
ಅದು ನೌಕರಿ ಪೂರ್ತಿ ಹೋದವರಿಗೆ. ವಾರಕ್ಕ ಎರಡು ದಿನ ಮನಿಗೆ ಕಳಸಿದ್ರ ಅದು ಬರಂಗಿಲ್ಲ.

ಬೆಂಗಳೂರಿಂದ ವಿನಯ್
ಐಟಿನಲ್ಲೂ ಮಾಡ್ತಾರೆ ಇದನ್ನ. ಎರಡು ತಿಂಗಳು 20% ಸ್ಯಾಲರಿ ಕಟ್, ಕೆಲಸ ಮಾತ್ರ ಅಷ್ಟೇ. ಯಾರೂ ಏನೂ ಕೇಳಲಿಲ್ಲ.

ಧಾರವಾಡ ಅಡ್ವೊಕೇಟ್
ವಿನಯ್, ಅದು ಇದಲ್ಲ. ತಾಸು ಕಡಿಮಿ ಮಾಡದ ಪಗಾರ ಕಡಿಮಿ ಮಾಡೋದು ಬ್ಯಾರೆ ಮಾತು. ವರ್ಕ್‌ಮನ್ ಅನ್ನಿಸ್ಕೊಂಡವರ ಪಗಾರ ಆಗಲಿ ಕೆಲಸದ ಹೊತ್ತಾಗಲಿ ಬದಲಿಸಬೇಕಂದ್ರ 21 ದಿನದ ನೋಟಿಸ್ ಕೊಡಬೇಕು. ಸಹಿ ಮಾಡ್ರಿ ಅಂತ ಮೇಲ್ ಬಂದಾಗ ನೀವು ಒಪ್ಪಿಗಿ ಅಂತ ಒತ್ತಿದ್ರೋ ಏನೋ ನೋಡ್ಕೊಳ್ರಿ.

ಗದಗಿನ ಶ್ರೀದೇವಿ
ಕಾಕಾರು ಎರಡೂ ಲೆಕ್ಕ ಒಂದ ಅಂದ್ರು. ಲೆಕ್ಕ ಒಂದ ಥರ ಇರಬಹುದು, ಆದ್ರ ರೊಕ್ಕ ಯಾರ ಕಿಸೆದಿಂದ ಬರ್ತದ ಅನ್ನೋದು ಬ್ಯಾರೆ, ನನಗನಿಸಿದಂಗ ಎಲ್ಲಾ ಫರಕು ಅಲ್ಲೇ ಅದ. ಇಲ್ಲಿ ನಿರುದ್ಯೋಗ ವಿಮಾಕ್ಕ ಪಗಾರದ 2.6 ಪರ್ಸೆಂಟ್ ಹೋಗ್ತದ, ಅರ್ಧಾ ನೌಕರರು ಅರ್ಧಾ ಕಂಪನಿ. ಆ ಫಂಡಿನಿಂದ ಈ ರೊಕ್ಕ ಬರ್ತದ. ಹಂಗಾಗಿ ಕೆಲಸ ಇಲ್ಲ ಅಂತ ಕಂಪನಿ ತಾನಾಗೇ ಬರದು ಕೊಡ್ತದ, ಬರದ್ರ ತನಗ ರೊಕ್ಕ ವಾಪಸ್ ಸಿಗ್ತದ. 2020ರ ಏಪ್ರಿಲ್ ತಿಂಗಳದಾಗ ಸುಮಾರು 60 ಲಕ್ಷ ಮಂದಿ ಇದರಾಗ ಇದ್ರು. ನಮ್ಮಲ್ಲಿ ಅರ್ಧಾ ಪರಿಹಾರ ಮಾಲಕನ ಕಿಸೆದಿಂದನ ಹೋಗಬೇಕು, ಅದೂ ಆರ್ಡರ್ ಇಲ್ಲದ ತಿಂಗಳದಾಗ. ಲೇ-ಆಫ್ ಅಂತ ಬರದ್ರ ಅವನಿಗೆ ಖರ್ಚು, ಗೈರು ಅಂತ ಬರದ್ರ ಪುಕ್ಕಟ್ಟೆ. ಬಸು ಅಣ್ಣನ ಮಸ್ಟರಿನ್ಯಾಗ ಗೈರು ಬೀಳೋದು ಇದಕ್ಕ.

ತಾರಿಹಾಳ ಬಸು
ಈಗ ತಿಳೀತು ಅಕ್ಕಾರ. ನಮ್ಮ ಬೇಸಿಕ್ಕೂ ಮತ್ತ ಕಡಿಮಿ ತೋರಿಸ್ಯಾರ, ಉಳದದ್ದೆಲ್ಲಾ ಅಲೋವನ್ಸ್. ಅರ್ಧಾ ಕೊಟ್ರೂ ಯಾತರ ಅರ್ಧಾ ಆಗ್ತೈತಿ ನೀವ ನೋಡ್ರಿ.

ಹಾವೇರಿ ಕಾಕಾ
ಒಪ್ಪಿದೆ ತಾಯಿ. ಮತ್ತ ಇನ್ನೊಂದು ಮಾತು, ನಮ್ಮಲ್ಲಿ 12 ತಿಂಗಳಾಗ 45 ದಿನದ ಮ್ಯಾಲೆ ಆದ್ರ, ಮೊದ್ಲ ಹಂಗ ಕರಾರು ಆಗಿತ್ತಂದ್ರ, ಮುಂದಿನ ದಿನಕ್ಕ ಪರಿಹಾರ ಇಲ್ಲ ಅನ್ನಾಕ ಬರ್ತೈತಿ. ಆಮ್ಯಾಲೆ ಕೆಲಸದಿಂದ ತೆಗದು, ಕೊಟ್ಟ ಲೇ-ಆಫ್ ರೊಕ್ಕಾನ ಆ ಪರಿಹಾರದಾಗ ವಜಾ ಮಾಡ್ಕೋತಾರ. ಇದನ್ನ ಕಣ್ಣಾರೆ ನೋಡೀನಿ, ಗಿರಣಿ ಮಂದಿ ಮನಿ ಬಿಟ್ಟು ಹೋಗಿದ್ದೂ ನೋಡೀನಿ.

ರೇಣುಕಾ ಮ
ಶ್ರೀದೇವಿ, ಅಲ್ಲಿ ಎಷ್ಟ ತಿಂಗಳ ತನಕ ಕೊಡ್ತಾರ? ಮತ್ತ ಆವಾಗ ನೌಕರಿಯಿಂದ ತೆಗಿಯೋ ಹಂಗಿಲ್ಲ ಹೌದಲ್ಲೋ?

ಗದಗಿನ ಶ್ರೀದೇವಿ
ಸಾಮಾನ್ಯ ನಿಯಮ 12 ತಿಂಗಳು, ಧಂದೆ ಭಾಳ ಕೆಟ್ಟಾಗ ಸರ್ಕಾರ ಆದೇಶ ಮಾಡಿ 24 ತನಕ ಎಳೀತದ. ತೆಗಿಯೋ ಹಂಗಿಲ್ಲ ಅನ್ನೋದು ಮಾತ್ರ ತಪ್ಪು ಅಕ್ಕಾ, ಎಲ್ಲಾರೂ ಹಂಗ ತಿಳ್ಕೊಂಡಿರ್ತಾರ. ಕಾನೂನಿನ್ಯಾಗ ಅಂಥಾ ತಡೆ ಇಲ್ಲ, ಕಂಪನಿ ಮತ್ತ ಕಾರ್ಮಿಕ ಮಂಡಳಿ ನಡುವಿನ ಒಪ್ಪಂದದಾಗ ಬರಸಿದ್ರ ಮಾತ್ರ ಇರ್ತದ. ಮಹಾಂತೇಶಣ್ಣ, ತಮ್ಮಗ ಆ ಒಪ್ಪಂದದ ಕಾಪಿ ಕೇಳಾಕ ಹೇಳ್ರಿ. ಕಂಪನಿ ತನ್ನ ಕಡಿಂದ ಮ್ಯಾಲೆ ಎಷ್ಟರ ಕೊಡ್ತದೋ ಅದೂ ಅದರಾಗ ಇರ್ತದ, ಐಜಿ ಮೆಟಾಲ್ ಯೂನಿಯನ್ ಒಪ್ಪಂದ ಇದ್ದ ಕಡೆ 60ರ ಮ್ಯಾಲೆ ಇನ್ನಷ್ಟು ಸೇರಸೋದು ಉಂಟು. ಒಂದು ವೇಳೆ ನೌಕರಿ ಹೋದ್ರೂ ನಿರುದ್ಯೋಗ ಭತ್ಯೆ ಲೆಕ್ಕಾ ಮಾಡೋವಾಗ ಪೂರ್ತಿ ಪಗಾರಾನ ಹಿಡೀತಾರ, ಈ ಅರ್ಧಾ ಪಗಾರ ಹಿಡಿಯಂಗಿಲ್ಲ.

ನವನಗರ ಮಹಾಂತೇಶ
ಎಲ್ಲಾರಿಗೂ ಮತ್ತ ನಮಸ್ಕಾರ. ತಮ್ಮನ ಮೊದಲನೇ ಪಗಾರ ಚೀಟಿ ಬಂತು, ಫೋಟೋ ಕಳಿಸಿದ್ದ. 2,160ರ ಹತ್ರಾನ ಬಂದೈತಿ, ಶ್ರೀದೇವಿ ಅಕ್ಕಾರ ಲೆಕ್ಕ ಬರೋಬ್ಬರಿ ಕೂಡ್ತು. ಆದ್ರ ಅವಂಗ ಒಂದು ಸಂಶಯ ಐತ್ರಿ. ಆ ತಿಂಗಳದಾಗ ನಾಲ್ಕು ದಿನ ಸೂಟಿ ಹಾಕಿದ್ದ, ಮೊದ್ಲ ಮಂಜೂರ್ ಆದದ್ದು. ಆ ನಾಲ್ಕು ದಿನಕ್ಕೂ ಅರ್ಧಾನ ಹಿಡದಾರ ಅನಸ್ತೈತಿ, ಸೂಟಿ ಖಾತೆದಾಗ ಮಾತ್ರ ನಾಲ್ಕೂ ಕಳದಾರ. ಮ್ಯಾನೇಜರ್‌ಗೆ ಕೇಳಿದ್ರ ಎಲ್ಲಾರಿಗೂ ಹಂಗ ಅಂದ್ನಂತ. ಇದು ಬರೋಬ್ಬರಿ ಐತೇನ್ರಿ?

ಗದಗಿನ ಶ್ರೀದೇವಿ
ಬರೋಬ್ಬರಿ ಇಲ್ಲ. ಸೂಟಿ ದಿನಕ್ಕ ಪೂರ್ತಿ ಪಗಾರ ಕೊಡಬೇಕು, ತಾಸು ಕಡಿಮಿ ಆಗಿದ್ದಕ್ಕ ಸೂಟಿ ಪಗಾರ ಕಡಿಮಿ ಮಾಡಂಗಿಲ್ಲ. ಇದು ಭಾಳ ಕಡೆ ಆಗೋ ತಪ್ಪು, ಯಾಕಂದ್ರ ವಿಭಾಗದವ್ರು ತಾಸಿನ ಪಟ್ಟಿದಾಗ ತಿಂಗಳಿಗೆಲ್ಲಾ ಒಂದ ಸಲ 50 ಪರ್ಸೆಂಟ್ ಅಂತ ತುಂಬಿಬಿಡ್ತಾರ, ಸೂಟಿ ಬಿಡಿಸಿ ತೆಗಿಯಂಗಿಲ್ಲ. ಪಗಾರ ಮಾಡಾವ್ರಿಗೆ ಆ ಪಟ್ಟಿ ಬಿಟ್ರ ಬ್ಯಾರೆ ಏನೂ ಕಾಣಂಗಿಲ್ಲ.

ಗುರ್ತು ಹಿಡಿಯೋದು ಹಿಂಗ. ಚೀಟಿದಾಗ ಝೋಲ್ ಅಂತ ಒಂದು ಅಂಕಿ ಇರ್ತದ, ಅದು ಕೆಲಸ ಪೂರ್ತಿ ಇದ್ದಿದ್ರ ಬರ್ತಿದ್ದ ಪಗಾರ, 4,000. ಇಸ್ಟ್ ಅಂತ ಇನ್ನೊಂದು, ಅದು ಈ ತಿಂಗಳ ಖರೇನ ಬಂದ ಪಗಾರ. ಆ ತಿಂಗಳದಾಗ ಕೆಲಸದ ದಿನ 20 ಇತ್ತು ಅಂತ ಹಿಡೀರಿ. ಸೂಟಿ 4 ತೆಗದ್ರ ಉಳದದ್ದು 16, ಅದರಾಗ ಅರ್ಧಾ 8 ದಿನ ದುಡದಾರ. ಹಂಗಾಗಿ ಪೂರ್ತಿ ಪಗಾರದ ದಿನ 8 ಮತ್ತ 4 ಕೂಡಿ 12. ಇಸ್ಟ್ ಅಂಕಿ 2,400 ಇರಬೇಕು. ಅಲ್ಲಿ 2,000 ಇದ್ರ ಸೂಟಿ ನುಂಗ್ಯಾರ ಅಂತ ಅರ್ಥ.

ನವನಗರ ಮಹಾಂತೇಶ
ಫೋಟೋ ಮತ್ತ ತೆಗದು ನೋಡಿದೆ ಅಕ್ಕಾರ. ಇಸ್ಟ್ ಎದುರಿಗೆ 2.000,00 ಅಂತ ಐತಿ. ಅವರ ಕಡೆ ಚುಕ್ಕಿ ಅಲ್ಪವಿರಾಮ ಉಲ್ಟಾ ಹಾಕ್ತಾರ, ಅದಕ್ಕ ಮೊದ್ಲ ಎರಡೇ ಯೂರೋ ಅಂತ ಓದಿ ಗಾಬರಿ ಆಗಿದ್ದೆ.

ಗದಗಿನ ಶ್ರೀದೇವಿ
ಹಂಗಿದ್ರ ತಪ್ಪ ಆಗ್ಯದ. ಬಾಯಿಲೆ ಮಾತಾಡೋದು ಬ್ಯಾಡ, ಮ್ಯಾನೇಜರ್ ಕಡೆನೂ ಬ್ಯಾಡ. ಪಗಾರ ವಿಭಾಗಕ್ಕ ಮೇಲ್ ಬರೀಲಿ, ಸೂಟಿ ಮಂಜೂರಾದ ತಾರೀಖು ನಾಲ್ಕೂ ಹಾಕಿ ಇಸ್ಟ್ ಅಂಕಿ ತಿದ್ದರಿ ಅಂತ. ಕಾರ್ಮಿಕ ಮಂಡಳಿಗೆ ಒಂದು ಕಾಪಿ. ಕಂಪನಿಗೂ ಇದು ತಿದ್ದೋದು ಬೇಕಾಗಿರ್ತದ, ಯಾಕಂದ್ರ ಸೂಟಿ ದಿನಕ್ಕ ಅವರು ಉದ್ಯೋಗ ಕಚೇರಿಯಿಂದ ರೊಕ್ಕ ತೊಗೊಂಡಾಂಗ ಆಗ್ಯದ, ಕಡೀಕೆ ಕಚೇರಿಯವ್ರು ಬಂದು ತಾಸಿನ ಪಟ್ಟಿ ತಪಾಸ ಮಾಡ್ತಾರ. ತಮ್ಮಗ ಕೈಗೆ ಎಷ್ಟು ಹೆಚ್ಚಿಗಿ ಬರ್ತದ ಅಂದ್ರ ಸುಮಾರು 100 ಯೂರೋ. 400 ಅಲ್ಲ ಯಾಕಂದ್ರ ಪಗಾರ ಏರಿದಂಗ ಆ ಕಡೆ ತುಂಬಿ ಕೊಡೋದು ಇಳೀತದ, ಟ್ಯಾಕ್ಸೂ ಏರ್ತದ.

ಹಾವೇರಿ ಕಾಕಾ
ನೋಡ್ರಿ, ಅಲ್ಲೂ ಹಾಜರಿ ಪಟ್ಟಿದಾಗನ ಕೂತೈತಿ ಎಲ್ಲಾ. ಬಸು, ನೀನೂ ಒಂದು ನೋಟ್‌ಬುಕ್ ಇಡು, ದಿನಾ ಎಷ್ಟಕ್ಕ ಹೋದಿ, ಎಷ್ಟಕ್ಕ ವಾಪಸ್ ಕಳಿಸಿದ್ರು, ಯಾರು ಹೇಳಿದ್ರು, ಜೋಡಿ ಯಾರಿದ್ರು, ಬರದಿಡು.

ತಾರಿಹಾಳ ಬಸು
ಹೂಂ ಕಾಕಾ. ನಾವು ನಾಲ್ಕೈದು ಮಂದಿ ಕೂಡೇ ಬರಿಯಾಕ ಶುರು ಮಾಡ್ತೀವಿ. ಕಾಂಟ್ರಾಕ್ಟಿನವ್ರು ಬರೀರಿ ಅಂದ್ರ ಅಂಜ್ತಾರ.

ಕಿರಣ್ ಕೇಶ್ವಾಪುರ
ಅಣ್ಣಾರ, ತಮ್ಮ ವಾರಕ್ಕ ಎರಡೂವರಿ ದಿನಾ ಖಾಲಿ ಇರ್ತಾನಲ್ಲ, ಊಟ ಡೆಲಿವರಿ ಅಥವಾ ಗೋದಾಮಿನ ಕೆಲಸ ಮಾಡಿದ್ರ ಆ 440 ತುಂಬ್ಕೋಬಹುದು.

ಗದಗಿನ ಶ್ರೀದೇವಿ
ಕಿರಣ, ಹಂಗ ಮಾಡಿಸಬ್ಯಾಡ್ರಿ. ಇದು ಶುರು ಆದ ಮ್ಯಾಲೆ ಹೊಸಾ ಕೆಲಸ ಹಿಡದ್ರ ಅದರ ಪಗಾರ ಇಸ್ಟ್ ಅಂಕಿಯೊಳಗ ಕೂಡ್ತದ, ಅಷ್ಟರ ಮಟ್ಟಿಗೆ ತುಂಬಿ ಕೊಡೋದು ಕಡಿಮಿ ಆಗ್ತದ. ಮೊದ್ಲಿಂದಾನೂ ಮಾಡ್ತಿದ್ದ ಸಣ್ಣ ಕೆಲಸ ಇದ್ರ ಹಿಡಿಯಂಗಿಲ್ಲ. ಮತ್ತ ತಮ್ಮನ ವೀಸಾ ಈ ಕಂಪನಿ ಕೆಲಸದ ಮ್ಯಾಲೆ ಇದ್ರ ಎರಡನೇ ಕೆಲಸಕ್ಕ ಪರವಾನಗಿ ಬೇಕಾಗಬಹುದು, ಊರಿನ ವಿದೇಶಿಯರ ಕಚೇರಿಗೆ ಕೇಳದ ಕೈ ಹಾಕಬಾರದು.

ಮಹಾಂತೇಶಣ್ಣಾ, ಟ್ಯಾಕ್ಸಿಂದು ಒಂದು ಉಳದದ. ಈ ತುಂಬಿ ಕೊಡೋ ರೊಕ್ಕಕ್ಕ ಟ್ಯಾಕ್ಸ್ ಇಲ್ಲ, ಆದ್ರ ಉಳದ ಪಗಾರಕ್ಕ ಯಾವ ದರದಾಗ ಟ್ಯಾಕ್ಸ್ ಹಾಕಬೇಕು ಅನ್ನೋವಾಗ ಇದನ್ನೂ ಕೂಡಸಿ ನೋಡ್ತಾರ, ದರಾ ಏರ್ತದ. ವರ್ಷಕ್ಕ 410 ಯೂರೋಕ್ಕಿಂತ ಜಾಸ್ತಿ ಬಂದ್ರ ರಿಟರ್ನ್ ಹಾಕಲೇಬೇಕು, ತಮ್ಮಂದು ಒಂದ ತಿಂಗಳದಾಗ ಅದು ದಾಟ್ಯದ. ಮುಂದಿನ ವರ್ಷ ಜುಲೈ 31ರ ಒಳಗ. ವರ್ಷ ಪೂರ್ತಿ ಒಂದ ಥರ ಅರ್ಧಾ ಇದ್ರ ಕೈಯಿಂದ ಕಟ್ಟೋದು ಬರೋ ಸಂಭವ ಹೆಚ್ಚು, ನಾಲ್ಕೈದು ತಿಂಗಳಷ್ಟ ಇದ್ರ ಉಳದ ತಿಂಗಳು ಜಾಸ್ತಿ ಹಿಡದ ಟ್ಯಾಕ್ಸು ಇರ್ತದಲ್ಲ, ವಾಪಸ್ ಬಂದ್ರೂ ಬಂತು. ತಿಂಗಳಿಗೆ ಸ್ವಲ್ಪ ರೊಕ್ಕ ಬಾಜೂಕ ಇಟ್ರ ಚಲೋ. ವರ್ಷದ ಕಡೀಕ ಕಂಪನಿ ಕೊಡೋ ಟ್ಯಾಕ್ಸ್ ಸರ್ಟಿಫಿಕೇಟಿನ್ಯಾಗ 15ನೇ ಸಾಲಿನ್ಯಾಗ ಈ ಅಂಕಿ ಇರ್ತದ, ತಿದ್ದಿದ ಅಂಕಿನ ಅಲ್ಲಿ ಬಂದದೋ ಇಲ್ಲೋ ನೋಡಾಕ ಹೇಳ್ರಿ.

ರೇಣುಕಾ ಮ
ಮಕ್ಕಳಿದ್ದವ್ರಿಗೆ 67 ಅಂದ್ರಲ್ಲ, ಅದನ್ನ ತಾವಾಗೇ ಹಾಕ್ತಾರೋ ಕೇಳಬೇಕೋ? ನನ್ನ ತಂಗಿ ಗಂಡನ ಕಂಪನಿಯಾಗೂ ಇದ ಮಾತು ನಡದೈತಂತ.

ಗದಗಿನ ಶ್ರೀದೇವಿ
ಟ್ಯಾಕ್ಸ್ ದಾಖಲೆದಾಗ ಮಗು ಇದ್ರ ತಾನಾಗೇ ಬರ್ತದ. ಆದ್ರ ಗಂಡಾ ಹೆಂಡ್ತಿ ಇಬ್ಬರೂ ದುಡೀತಿದ್ದು ಒಬ್ಬರು ಟ್ಯಾಕ್ಸಿನ ಮೂರನೇ ವರ್ಗ, ಇನ್ನೊಬ್ಬರು ಐದನೇ ವರ್ಗ ತೊಗೊಂಡಿದ್ರ, ಐದನೇದವರ ದಾಖಲೆದಾಗ ಮಗು ಕಾಣಂಗಿಲ್ಲ, ಪಗಾರ ಸಾಫ್ಟ್‌ವೇರ್ 60 ಹಾಕಿ ಮುಂದ ಹೋಗ್ತದ. ಆವಾಗ ಮಗು ಅದ ಅನ್ನೋ ದಾಖಲೆ ಕಂಪನಿಗೆ ಕೊಟ್ಟು 67 ಕೇಳಬೇಕು. ನಿಮ್ಮ ತಂಗಿ ಗಂಡ ಯಾವ ವರ್ಗದಾಗ ಇದ್ದಾರ ಕೇಳ್ರಿ.

ರೇಣುಕಾ ಮ
ರಾತ್ರಿ ಫೋನ್ ಮಾಡಿ ಕೇಳ್ತೀನಿ.

ನವನಗರ ಮಹಾಂತೇಶ
ತಮ್ಮ ಮೇಲ್ ಕಳಿಸ್ಯಾನ, ಮುಂದಿನ ತಿಂಗಳ ಚೀಟಿಯೊಳಗ ತಿದ್ದತೀವಿ ಅಂತ ಉತ್ತರ ಬಂದೈತಿ. ಕಂತಿಗೆ ಅವನ ಪಾಲಿಂದ ಸ್ವಲ್ಪ ಕಡಿಮಿ ಕಳಿಸು, ಉಳದದ್ದು ನಾ ನೋಡ್ಕೋತೀನಿ ಅಂದೀನಿ, ಬ್ಯಾಂಕಿಗೆ ಹೋಗೋದು ಸದ್ಯ ಬ್ಯಾಡ ಅಂತ ಠರಾಯಿಸಿವಿ. ಒಪ್ಪಂದದ ಕಾಪಿ ಮಾತ್ರ ಇನ್ನೂ ಕೊಟ್ಟಿಲ್ಲಂತ. ಕಂಪನಿ ಮ್ಯಾಲೆ ಏನರ ಸೇರಿಸಿ ಕೊಟ್ರ ಅದಕ್ಕ ಟ್ಯಾಕ್ಸ್ ಐತೇನ್ರೀ ಅಕ್ಕಾರ?

ಗದಗಿನ ಶ್ರೀದೇವಿ
ಅದಕ್ಕ ಟ್ಯಾಕ್ಸ್ ಅದ. ಕೊರೊನಾ ವರ್ಷದಾಗ ಬಿಟ್ಟಿದ್ರು, 2022ರ ಜೂನ್ ಮುಗದ ಮ್ಯಾಲೆ ಆ ಸವಲತ್ತು ಇಲ್ಲ. ಕಾಪಿ ಕಾರ್ಮಿಕ ಮಂಡಳಿಯವರ ಕಡೆ ಕೇಳಿದ್ರ ಲಗೂ ಸಿಗ್ತದ.